ಒಂದು ಕರ್ಚೀಫಿಗೆ ಇಷ್ಟೊಂದು ರಂಪವಾ? ‘ಒಥೆಲೋ’ ಮೂರನೇ ಅಂಕದ ಬಗ್ಗೆ ಒಂದು ತಕರಾರು

ಪರದೆ_ಹಿಂದಿನವ

ನಮ್ಮದು ಹವ್ಯಾಸಿ ತಂಡ, ಈ ಸಲ ‘ಒಥೆಲೋ’ ಆಡೋಣ ಅಂತ ಹೊರಟಿದ್ದೇವೆ. ನನಗೆ ಪಾತ್ರ ಇಲ್ಲ. ಪರದೆ, ಪ್ರಾಪರ್ಟಿ, ಪ್ರಾಂಪ್ಟಿಂಗ್ ಮೂರೂ ನನ್ನ ತಲೆಗೇ ಕಟ್ಟಿದ್ದಾರೆ. ಓದುವ ಹಂತದಲ್ಲೇ ಒಂದು ತೊಡಕು ಎದ್ದಿದೆ. ಮೂರನೇ ಅಂಕದ ಮೂರನೇ ದೃಶ್ಯದಲ್ಲಿ, ಕೈಕೆಳಗಿನ ಇಯಾಗೊನ ಮಾತು ಕೇಳಿ, ಹೆಂಡತಿ ಡೆಸ್ಡಿಮೋನಗೂ ತನ್ನ ಉಪನಾಯಕ ಕ್ಯಾಸಿಯೊಗೂ ಸಂಬಂಧ ಇದೆ ಅಂತ ಒಥೆಲೋ ನಂಬ್ತಾನಲ್ಲ, ಅದು ಬಂದರೆ ಸಾಕು, ನಮ್ಮವರೇ ನಗ್ತಾರೆ. "ಇಷ್ಟು ದೊಡ್ಡ ದಂಡನಾಯಕ, ಯುದ್ಧ ಗೆದ್ದವನು, ಹೆಂಡತಿಯ ಕರ್ಚೀಫು ಕಾಣಿಸಲಿಲ್ಲ ಅಂತ ಅವಳ ಕತ್ತು ಹಿಸುಕ್ತಾನಾ? ಒಂದು ಮಾತು ಕೇಳಿದ್ದರೆ ಮುಗೀತಿತ್ತಲ್ಲ" ಅಂತ.

ಒಥೆಲೋ ಪಾತ್ರದ ಹುಡುಗನಿಗೂ ಅದೇ ಪ್ರಶ್ನೆ. ಯಾವ ಮಾತಿನ ಹತ್ತಿರ ತಾನು ನಂಬಬೇಕು, ಕರ್ಚೀಫಿನ ಮೊದಲೋ ಆಮೇಲೋ, ಗೊತ್ತಾಗ್ತಿಲ್ಲ ಅಂತಾನೆ. ನಾಟಕ ಆಡಿದವರು, ಪಾಠ ಮಾಡಿದವರು ಇದ್ದರೆ ಹೇಳಿ. ಇನ್ನೊಂದು ಸಣ್ಣ ಪ್ರಶ್ನೆ: ಆ ಕರವಸ್ತ್ರ ಎಷ್ಟು ದೊಡ್ಡದಿರಬೇಕು? ಹಿಂದಿನ ಸಾಲಿನವರಿಗೂ ಕಾಣಬೇಕಲ್ಲ.

ಗಿರಿ_ಶಿವಮೊಗ್ಗ

ಇದರಲ್ಲಿ ಗೊಂದಲ ಏನಿದೆ? ಇಯಾಗೊ ಡೆಸ್ಡಿಮೋನಳ ಸೊಂಟದಿಂದ ಕರ್ಚೀಫು ಕದೀತಾನೆ, ಕ್ಯಾಸಿಯೊ ಕೋಣೆಯಲ್ಲಿ ಹಾಕ್ತಾನೆ, ಒಥೆಲೋ ಅದನ್ನ ಕಣ್ಣಾರೆ ನೋಡಿ ನಂಬ್ತಾನೆ. ಸಾಕ್ಷಿ ಕೈಯಲ್ಲೇ ಇದ್ದರೆ ಯಾರು ನಂಬಲ್ಲ? ಕಾಲೇಜಿನಲ್ಲಿ ಓದಿದ ನೆನಪು.

ನಿವೃತ್ತ_ಮೇಷ್ಟ್ರು

ಗಿರಿ, ನೀವು ಹೇಳ್ತಿರೋದು ಅರ್ಧ ಮೂಲ ಕಥೆಯದ್ದು, ಅರ್ಧ ನಾಟಕದ್ದು. ಶೇಕ್ಸ್‌ಪಿಯರ್ ಈ ವಸ್ತುವನ್ನ ತಗೊಂಡಿದ್ದು 1565ರಲ್ಲಿ ಅಚ್ಚಾದ ಚಿಂತಿಯೊನ ಇಟಾಲಿಯನ್ ಕಥಾಸಂಗ್ರಹದಿಂದ. ಅಲ್ಲಿ ಇಯಾಗೊ ಜಾಗದಲ್ಲಿರೋ ಅಧಿಕಾರಿ ನಿಜಕ್ಕೂ ಸೊಂಟಪಟ್ಟಿಯಿಂದಲೇ ಕದೀತಾನೆ, ಅದೂ ತನ್ನ ಮೂರು ವರ್ಷದ ಮಗಳನ್ನ ಅವಳ ತೋಳಿಗೆ ಕೊಟ್ಟು, ಅವಳು ಮಗುವನ್ನ ಮುದ್ದಾಡ್ತಿರುವಾಗ. ನೀಚತನಕ್ಕೂ ಒಂದು ಮಿತಿ ಬೇಕು ಅನ್ನಿಸುವಂಥ ಕಳ್ಳತನ.

ಶೇಕ್ಸ್‌ಪಿಯರ್ ಇದನ್ನ ಪೂರಾ ಕಿತ್ತುಹಾಕಿದ. ನಾಟಕದಲ್ಲಿ ಯಾರೂ ಕದಿಯೋದೇ ಇಲ್ಲ. ಒಥೆಲೋ ತಲೆನೋವು ಅಂತಾನೆ. ಅವಳು ತನ್ನ ಕರವಸ್ತ್ರದಿಂದ ಅವನ ಹಣೆಗೆ ಬಿಗಿಯಾಗಿ ಕಟ್ಟೋಕೆ ಹೋಗ್ತಾಳೆ. ಅವನು "ನಿನ್ನ ಬಟ್ಟೆ ತೀರಾ ಚಿಕ್ಕದು, ಬಿಡು ಅದನ್ನ" ಅಂತ ಸರಿಸ್ತಾನೆ. ಅದು ನೆಲಕ್ಕೆ ಬೀಳುತ್ತೆ, ಇಬ್ಬರೂ ಒಳಗೆ ಹೋಗ್ತಾರೆ. ಆ ಕ್ಷಣಕ್ಕೆ ಅವಳಿಗೆ ಕರವಸ್ತ್ರಕ್ಕಿಂತ ಗಂಡನ ತಲೆನೋವೇ ಮುಖ್ಯ, ಅದಕ್ಕೇ ಅದು ಕಳೆದುಹೋಗುತ್ತೆ. ಬಿದ್ದಾಗ ಒಥೆಲೋ ಅಲ್ಲೇ ಇದ್ದ, ಬೀಳಿಸಿದ್ದೇ ಅವನು ಅಂದರೂ ತಪ್ಪಿಲ್ಲ. ಮುಂದಿನ ದೃಶ್ಯದಲ್ಲಿ "ಎಲ್ಲಿ ಅದು, ಕೊಡು" ಅಂತ ಅವಳ ಪ್ರಾಣ ತಿನ್ನುವವನೂ ಅವನೇ.

ಎತ್ತಿಕೊಳ್ಳೋದು ಎಮಿಲಿಯಾ, ಇಯಾಗೊನ ಹೆಂಡತಿ. ಕದ್ದು ತಾ ಅಂತ ಗಂಡ ನೂರು ಸಲ ಪೀಡಿಸಿದ್ದಾನೆ ಅಂತ ಅವಳೇ ಹೇಳ್ತಾಳೆ. ಅದರ ಕಸೂತಿಯ ನಕಲು ತೆಗೆಸಿ ಅವನಿಗೆ ಕೊಡೋಣ ಅಂದುಕೊಂಡಿರ್ತಾಳೆ. ಅಷ್ಟರಲ್ಲಿ ಅವನೇ ಬಂದು ಕಿತ್ತುಕೊಳ್ತಾನೆ.

ಗಿರಿ_ಶಿವಮೊಗ್ಗ

ಕದ್ದರೂ ಬಿದ್ದರೂ ಕೊನೆಗೆ ಸಿಕ್ಕಿದ್ದು ಕ್ಯಾಸಿಯೊ ಹತ್ತಿರ ತಾನೇ ಸಾರ್. ಸಾಕ್ಷಿ ಸಾಕ್ಷಿಯೇ.

ಪಾಟೀಸವಾಲು

ವೃತ್ತಿಯಲ್ಲಿ ವಕೀಲ. ಇಲ್ಲಿ ನನಗೆ ಬಾಯಿ ಮುಚ್ಚಿಕೊಂಡಿರೋಕೆ ಆಗಲ್ಲ.

ಗಿರಿಯವರೇ, ಇಯಾಗೊ ಮೊದಲ ಸಲ ಕರವಸ್ತ್ರದ ಮಾತು ಎತ್ತಿದಾಗ ಆ ಬಟ್ಟೆ ಎಲ್ಲಿತ್ತು ಅಂತ ಒಂದು ಸಲ ಯೋಚನೆ ಮಾಡಿ. "ಸ್ಟ್ರಾಬೆರಿ ಕಸೂತಿಯ ಕರವಸ್ತ್ರ ನಿಮ್ಮ ಹೆಂಡತಿ ಕೈಯಲ್ಲಿ ನೋಡಿದ್ದೀರಾ? ಅಂಥದ್ದೇ ಒಂದರಿಂದ ಕ್ಯಾಸಿಯೊ ಇವತ್ತು ಗಡ್ಡ ಒರೆಸಿಕೊಳ್ತಿದ್ದ" ಅಂತಾನೆ. ಅದು ಆಗ ಇದ್ದದ್ದು ಇಯಾಗೊನ ಹತ್ತಿರವೇ! ಸ್ವಲ್ಪ ಹೊತ್ತಿನ ಹಿಂದೆ ಹೆಂಡತಿಯಿಂದ ಕಿತ್ತುಕೊಂಡಿದ್ದಾನೆ, ಕ್ಯಾಸಿಯೊ ಕೋಣೆಗೆ ಇನ್ನೂ ಹೋಗೇ ಇಲ್ಲ. ಒಥೆಲೋ ಅವನ ಜೇಬು ತಡಕಿದ್ದರೆ ಅಲ್ಲೇ ಸಿಗ್ತಿತ್ತು. ತಮಾಷೆ ಏನಪ್ಪಾ ಅಂದ್ರೆ, ಸ್ವಲ್ಪ ಮೊದಲು ಅದೇ ಒಥೆಲೋ ಅವನ ಕುತ್ತಿಗೆ ಹಿಡಿದು "ಕಣ್ಣಿಗೆ ಕಾಣೋ ಪುರಾವೆ ಕೊಡು" ಅಂತ ಅಬ್ಬರಿಸಿದ್ದ. ಪುರಾವೆ ಒಂದು ಮೊಳ ದೂರದಲ್ಲೇ ಇತ್ತು, ಆದರೆ ಇಯಾಗೊ ಮೇಲಿನ ಪುರಾವೆಯಾಗಿ.

ದೃಶ್ಯದ ಕೊನೆಗೆ ಇಬ್ಬರೂ ಮಂಡಿಯೂರಿ ಸೇಡಿನ ಶಪಥ ಮಾಡ್ತಾರೆ, ಕ್ಯಾಸಿಯೊನ ಕೊಲೆಗೆ ಅಪ್ಪಣೆಯಾಗುತ್ತೆ, ಇಯಾಗೊಗೆ ಉಪನಾಯಕನ ಪದವಿಯೂ ಸಿಗುತ್ತೆ. ಇಷ್ಟೆಲ್ಲ ಆಗುವಾಗ ಒಥೆಲೋ ಕರವಸ್ತ್ರವನ್ನ ಬೇರೆಯವರ ಕೈಯಲ್ಲಿ ನೋಡೇ ಇಲ್ಲ. ಅವನು ನೋಡೋದು ನಾಲ್ಕನೇ ಅಂಕದಲ್ಲಿ. ಆದ್ದರಿಂದ ನಂಬಿದ್ದು ಗಾಳಿಮಾತನ್ನ, ವಸ್ತುವನ್ನಲ್ಲ. ನಿಮ್ಮ ಹುಡುಗನಿಗೆ ಹೇಳಿ, ಬಟ್ಟೆ ಕಾಣುವ ಹೊತ್ತಿಗೆ ಶಿಕ್ಷೆ ಆಗಲೇ ಬರೆದಾಗಿರುತ್ತೆ.

ಪರದೆ_ಹಿಂದಿನವ

ಜೇಬಿನ ವಿಷಯ ನಮ್ಮಲ್ಲಿ ಯಾರಿಗೂ ಹೊಳೆದೇ ಇರಲಿಲ್ಲ! ಆ ಮಾತಿನ ಹೊತ್ತಿಗೆ ಇಯಾಗೊ ಅಂಗಿಯಿಂದ ಅದರ ಒಂದು ತುದಿ ಪ್ರೇಕ್ಷಕರಿಗೆ ಮಾತ್ರ ಕಾಣೋ ಹಾಗೆ ಮಾಡಿದರೆ ಹೇಗೆ?

ನಿವೃತ್ತ_ಮೇಷ್ಟ್ರು

ಮಾಡಬಹುದು, ಆದರೆ ಜನ ಮತ್ತೆ ನಗ್ತಾರೆ. ಆ ನಗು ನಿಮಗೆ ಬೇಕೋ ಬೇಡವೋ ನೋಡಿಕೊಳ್ಳಿ. ಅಂದಹಾಗೆ ನಗೋದರಲ್ಲಿ ನಿಮ್ಮವರೇ ಮೊದಲಿಗರಲ್ಲ. ಥಾಮಸ್ ರೈಮರ್ ಅನ್ನೋ ಇಂಗ್ಲಿಷ್ ವಿಮರ್ಶಕ 1693ರಲ್ಲೇ ಇದನ್ನ ಕರವಸ್ತ್ರದ ದುರಂತ ಅಂತ ಕರೆದು, ಒಳ್ಳೇ ಗೃಹಿಣಿಯರು ತಮ್ಮ ಬಟ್ಟೆಬರೆ ಜೋಪಾನವಾಗಿ ಇಟ್ಟುಕೊಳ್ಳಬೇಕು ಅನ್ನೋದೂ ಇದರ ನೀತಿ ಅಂತ ಗೇಲಿ ಮಾಡಿದ್ದಾನೆ.

ಶಾಂತಕ್ಕ

ನನ್ನ ಮಾತು ಕೇಳಿ. ಗಂಡಹೆಂಡಿರ ಮಧ್ಯೆ ಮೂರನೆಯವರು ಬಂದರೆ ಹೀಗೇ ಆಗೋದು. ನಮ್ಮ ಬಳಗದಲ್ಲೇ ಒಂದು ಹುಡುಗಿ, ಆಫೀಸಿನವರೊಬ್ಬರು ಮನೆವರೆಗೆ ಕಾರಲ್ಲಿ ಬಿಟ್ಟಿದ್ದನ್ನ ಎದುರುಮನೆಯವರು ನೋಡಿ ಅತ್ತೆ ಹತ್ತಿರ "ಏನಿಲ್ಲ ಬಿಡಿ, ಸುಮ್ಮನೆ ಹೇಳಿದೆ" ಅಂದರಂತೆ. ಆ "ಏನಿಲ್ಲ ಬಿಡಿ"ಯಿಂದಲೇ ಎರಡು ವರ್ಷ ಆ ಮನೇಲಿ ನೆಮ್ಮದಿ ಇರಲಿಲ್ಲ. ಕೊನೆಗೆ ಬೇರೆ ಮನೆ ಮಾಡಿದರು. ನೀವೂ ಅತ್ತೆಮನೆಯಿಂದ ಸ್ವಲ್ಪ ದೂರ ಇದ್ದು ನೋಡಿ, ಸರಿಹೋಗುತ್ತೆ.

ಪರದೆ_ಹಿಂದಿನವ

ಶಾಂತಕ್ಕ, ಇದು ನಾಟಕದ ಪ್ರಶ್ನೆ, ನಮ್ಮನೆ ಜಗಳ ಅಲ್ಲ 😄 ನನಗಿನ್ನೂ ಮದುವೆಯೇ ಆಗಿಲ್ಲ.

ಮಲ್ಲಿಕಾ_ಧಾರವಾಡ

ನಗಬ್ಯಾಡ್ರಿ, ಶಾಂತಕ್ಕ ಹೇಳಿದ್ದೇ ಖರೇ ಉತ್ತರ ಐತಿ. "ಏನಿಲ್ಲ ಬಿಡಿ" ಅನ್ನೂದೇ ಇಯಾಗೊನ ಹತ್ಯಾರ.

ನಾನು ನಮ್ಮ ಊರಾಗ ಈ ನಾಟಕದಾಗ ಎಮಿಲಿಯಾ ಮಾಡೀನಿ, ಹಂಗಾಗಿ ಆ ಸೀನ್ ದಿನಾ ವಿಂಗ್‌ನ್ಯಾಗ ನಿಂತು ಕೇಳೀನಿ. ಹೆಂಗ ಸುರು ಆಗ್ತದ ನೋಡ್ರಿ. ಕ್ಯಾಸಿಯೊ ಡೆಸ್ಡಿಮೋನಾನ ಕಡೆ ಬಂದು ಮಾತಾಡಿ, ಒಥೆಲೋ ಬರೂದು ಕಂಡು ಸಂಕೋಚದಿಂದ ಹೋಗ್ಬಿಡ್ತಾನ. ಇಯಾಗೊ "ಛೆ, ಇದು ನನಗ ಸರಿ ಅನಸವಲ್ದು" ಅಂತಾನ. ಒಥೆಲೋ "ಏನಂದಿ?" ಅಂದ್ರ "ಏನಿಲ್ರಿ" ಅಂತಾನ. "ಈಗ ಹ್ವಾದವ ಕ್ಯಾಸಿಯೊ ಅಲ್ಲೇನು?" ಅಂತ ಕೇಳಿದ್ರ "ಕ್ಯಾಸಿಯೊ? ಛೇ ಛೇ, ಅಂವಾ ನಿಮ್ಮನ್ನ ನೋಡಿ ಕಳ್ಳರಂಗ ಯಾಕ ಹೋಗ್ತಾನ್ರಿ?" ನೋಡ್ರಿ, ಕಳ್ಳ ಅನ್ನೂ ಮಾತು ಬಂತು, ಆರೋಪ ಮಾತ್ರ ಬರಲಿಲ್ಲ.

ಆಮ್ಯಾಲೆ ಇನ್ನೊಂದು ಕೇಳ್ತಾನ: "ನೀವು ಲಗ್ನಕ್ಕ ಮುಂಚೆ ಅಕ್ಕಾವ್ರ ಕಡೆ ಹೋಗಿ ಬರೂವಾಗ ನಿಮ್ಮ ಪ್ರೀತಿ ಕ್ಯಾಸಿಯೊಗ ಗೊತ್ತಿತ್ತೇನ್ರಿ?" ಒಥೆಲೋ ಸಹಜ "ಗೊತ್ತಿತ್ತು, ನಮ್ಮಿಬ್ಬರ ನಡುವ ಅಂವನ ಓಡ್ಯಾಡ್ತಿದ್ದ" ಅಂತಾನ. ಇಯಾಗೊ "ಹೌದಾ?" ಅಂತಾನ, ಮುಗೀತು. ಮಾಹಿತಿ ಕೊಟ್ಟಾಂವ ಒಥೆಲೋ, ಇಂವಾ ಬರೇ "ಹೌದಾ" ಅಂದಾಂವ. ನಮ್ಮ ಇಯಾಗೊ ಮಾಡಿದ ಹುಡುಗ ಮೊದಲು ಆ "ಹೌದಾ" ಅನ್ನೂದನ್ನ ಖಳನಾಯಕನಂಗ ಎಳದ್ ಎಳದ್ ಅಂತಿದ್ದ, ಜನಾ ನಗತಿದ್ರು. ಆಮ್ಯಾಲೆ ಕಾಗದ ಓದಕೋತ, ಮಾರಿ ಮ್ಯಾಲೆ ಎತ್ತದs ಅನ್ನಾಕ ಸುರು ಮಾಡಿದ. ಅವತ್ತಿಂದ ಒಬ್ಬರೂ ನಗಲಿಲ್ಲ. ನಿಮ್ಮ ತೊಂದರೆ ಒಥೆಲೋ ಹತ್ರ ಇಲ್ರಿ, ಇಯಾಗೊ ಹತ್ರ ಐತಿ ಅಂತ ನನಗನಸ್ತದ.

ಪರದೆ_ಹಿಂದಿನವ

ಇದು ಬಂಗಾರದಂಥ ಮಾತು ಮಲ್ಲಿಕಾ ಮೇಡಂ. ನಮ್ಮ ಇಯಾಗೊ ಸದ್ಯಕ್ಕೆ ಮೀಸೆ ತಿರುವ್ತಾ ಓದ್ತಿದ್ದಾನೆ, ನಿಲ್ಲಿಸ್ತೀನಿ.

ಕಾವ್ಯಾಸಕ್ತ

ನಮ್ಮ ಕಾವ್ಯಗಳಲ್ಲೇ ಇದಕ್ಕಿಂತ ಗಟ್ಟಿ ಪ್ರಸಂಗ ಇದೆ. ಜನ್ನನ ‘ಯಶೋಧರ ಚರಿತೆ’ ನೋಡಿ. ರಾಣಿ ಅಮೃತಮತಿ ಮಾವಟಿಗ ಅಷ್ಟಾವಂಕನ ಹತ್ತಿರ ಹೋಗೋದನ್ನ ರಾಜ ಯಶೋಧರ ಹಿಂಬಾಲಿಸಿಕೊಂಡು ಹೋಗಿ ತಾನೇ ನೋಡ್ತಾನೆ. ಕತ್ತಿ ಎತ್ತಿದವನು ತಡೆದುಕೊಳ್ತಾನೆ, ಮರುದಿನ ನೈದಿಲೆಯಲ್ಲಿ ಹೊಡೆದು ಚುಚ್ಚುಮಾತಾಡ್ತಾನೆ ಅಷ್ಟೆ. ಕಣ್ಣಾರೆ ಕಂಡವನು ಕೊಲ್ಲಲಿಲ್ಲ, ಏನೂ ಕಾಣದವನು ಕೊಂದ. ಒಥೆಲೋ ಬುದ್ಧಿ ಕಮ್ಮಿ ಮನುಷ್ಯ ಅನ್ನೋಕೆ ಇನ್ನೇನು ಬೇಕು?

ನಿವೃತ್ತ_ಮೇಷ್ಟ್ರು

ಹೋಲಿಕೆ ಚೆನ್ನಾಗಿದೆ, ತೀರ್ಮಾನ ಒಪ್ಪಲ್ಲ. ಯಶೋಧರ ತನ್ನ ಊರಿನಲ್ಲಿ ತನ್ನ ಸಿಂಹಾಸನದ ಮೇಲಿದ್ದವನು. ಒಥೆಲೋ ವೆನಿಸ್‌ಗೆ ಹೊರಗಿನವನು, ಕಪ್ಪು ಬಣ್ಣದ ಮೂರ್ ಜನಾಂಗದವನು. ಯುದ್ಧಕ್ಕೆ ಬೇಕು, ಮಗಳನ್ನ ಕೊಡೋಕೆ ಬೇಡ. ಮೊದಲ ಅಂಕದಲ್ಲಿ ಹುಡುಗಿಯ ಅಪ್ಪ ಬ್ರಬಾನ್ಷಿಯೊ, ಇವನು ಮಾಟಮಂತ್ರ ಮಾಡಿ ಮಗಳನ್ನ ಒಲಿಸಿಕೊಂಡ ಅಂತ ಸಭೆಯ ಮುಂದೆ ದೂರು ತರ್ತಾನೆ. ಸೋತು ಹೋಗುವಾಗ "ಅಪ್ಪನಿಗೆ ಮೋಸ ಮಾಡಿದವಳು, ನಿನಗೂ ಮಾಡಿಯಾಳು, ನೋಡಿಕೋ" ಅಂತ ಹೇಳಿ ಹೋಗ್ತಾನೆ. ಒಥೆಲೋ ಆಗ ಅದಕ್ಕೆ ಸೊಪ್ಪು ಹಾಕಲ್ಲ.

ಇಯಾಗೊ ಅದನ್ನ ಜೋಪಾನವಾಗಿ ಇಟ್ಟುಕೊಂಡು ಮೂರನೇ ಅಂಕದಲ್ಲಿ ವಾಪಸ್ ತೆಗೀತಾನೆ: "ನಿಮ್ಮನ್ನ ಮದುವೆಯಾಗೋಕೆ ಅಪ್ಪನಿಗೇ ಮೋಸ ಮಾಡಿದಳಲ್ಲ." ಇದು ಸುಳ್ಳಲ್ಲ, ಒಥೆಲೋ ಅಲ್ಲಗಳೆಯೋಕೆ ಆಗಲ್ಲ. ಅದರ ಬೆನ್ನಿಗೇ "ನಮ್ಮ ವೆನಿಸ್ ಹೆಂಗಸರ ಬಗ್ಗೆ ನನಗೆ ಗೊತ್ತು, ದೇವರಿಗೆ ಕಾಣಿಸಿದ್ದನ್ನ ಗಂಡನಿಗೆ ಕಾಣಿಸಲ್ಲ" ಅಂತಾನೆ. ಊರವನು ಊರ ಹೆಂಗಸರ ಬಗ್ಗೆ ಹೇಳಿದರೆ ಹೊರಗಿನವನು ಹೇಗೆ ಎದುರಾಡ್ತಾನೆ? ಇನ್ನೂ ಒಂದು ಹೆಜ್ಜೆ ಹೋಗಿ, ತನ್ನ ನಾಡಿನ, ತನ್ನ ಬಣ್ಣದ, ತನ್ನ ಅಂತಸ್ತಿನ ಗಂಡುಗಳನ್ನೆಲ್ಲ ಬಿಟ್ಟು ಇವಳು ನಿಮ್ಮನ್ನ ಆರಿಸಿದ್ದೇ ಸಹಜ ಅಲ್ಲ, ನಾಳೆ ಮನಸ್ಸು ತಿರುಗಬಹುದು ಅನ್ನುವ ವಿಷವನ್ನ ಮೆಲ್ಲಗೆ ಬಿಡ್ತಾನೆ. ಇಯಾಗೊ ಹೋದ ಮೇಲೆ ಒಥೆಲೋ ಒಬ್ಬನೇ ಉಳಿದಾಗ ಮೊದಲು ಬರೋ ಅನುಮಾನ ಯಾವುದು? ನಾನು ಕಪ್ಪಗಿದ್ದೀನಿ ಅಂತಲೋ, ನಯವಾಗಿ ಮಾತಾಡೋಕೆ ಬರಲ್ಲ ಅಂತಲೋ, ವಯಸ್ಸು ಇಳೀತಿದೆ ಅಂತಲೋ ಹೀಗಾಯಿತಾ ಅಂತ. ಅಲ್ಲಿ ಕ್ಯಾಸಿಯೊ ಹೆಸರೇ ಇಲ್ಲ. ನನ್ನ ಕೇಳಿದರೆ ಅವನು ನಂಬಿದ್ದು ಅಲ್ಲಿ. ಕರವಸ್ತ್ರ ಇನ್ನೂ ಡೆಸ್ಡಿಮೋನಳ ಕೈಯಲ್ಲೇ ಇದೆ, ಮುಂದಿನ ನಿಮಿಷ ಬೀಳುತ್ತೆ.

ಕಾವ್ಯಾಸಕ್ತ

ಹಾಗಾದರೆ ಕರವಸ್ತ್ರ ಯಾಕೆ ಬೇಕಿತ್ತು ಸಾರ್? ಅದಿಲ್ಲದೇ ಕೊಲ್ಲಿಸಬಹುದಿತ್ತಲ್ಲ.

ಪಾಟೀಸವಾಲು

ಬೇಕಿತ್ತು. ಅನುಮಾನ ಇರುವವನಿಗೆ ನಂಬೋಕೆ ಒಂದು ಗೂಟ ಬೇಕು. ಇಯಾಗೊ ತಾನೇ ಹೇಳಿಕೊಳ್ತಾನೆ, ಗಾಳಿಯಷ್ಟು ಹಗುರವಾದ ವಸ್ತುವೂ ಹೊಟ್ಟೆಕಿಚ್ಚಿನವನಿಗೆ ಧರ್ಮಗ್ರಂಥದಷ್ಟು ಗಟ್ಟಿ ಪ್ರಮಾಣ ಅಂತ.

ಅದಕ್ಕೆ ಮೊದಲು ಅವನು ಕೊಡೋದು ಕ್ಯಾಸಿಯೊನ ಕನಸು. ಹಲ್ಲುನೋವಿನಿಂದ ನನಗೆ ನಿದ್ದೆ ಬರಲಿಲ್ಲ, ಪಕ್ಕದಲ್ಲಿ ಮಲಗಿದ್ದ ಕ್ಯಾಸಿಯೊ ನಿದ್ದೆಯಲ್ಲಿ "ಡೆಸ್ಡಿಮೋನ, ಹುಷಾರಾಗಿರೋಣ" ಅಂತ ಕನವರಿಸಿದ ಅಂತ ಕಥೆ ಕಟ್ತಾನೆ. ಯಾವ ಕೋರ್ಟಿನಲ್ಲೂ ನಿಲ್ಲದ ಮಾತು, ಮೂರನೆಯವನ ಕನಸಿಗೆ ಪಾಟೀಸವಾಲು ಹಾಕೋದು ಹೇಗೆ? ಆದರೆ ಆ ಹಲ್ಲುನೋವಿನ ವಿವರ ನೋಡಿ. ಸುಳ್ಳು ಸಾಕ್ಷಿ ಹೇಳುವವರು ಬೇಡದ ಸಣ್ಣ ವಿವರ ಸೇರಿಸ್ತಾರೆ, ನಮ್ಮ ಕಸುಬಿನಲ್ಲಿ ಇದನ್ನ ದಿನಾ ನೋಡ್ತೀವಿ. ಒಥೆಲೋ ಕುದಿಯೋಕೆ ಶುರು ಮಾಡಿದಾಗ "ಅಯ್ಯೋ, ಅದು ಬರೀ ಕನಸು" ಅಂತ ತಾನೇ ತಡೀತಾನೆ. ಆಮೇಲೆ ಕರವಸ್ತ್ರ.

ಗಣಿತ_ಪ್ರೇಮಿ

ಒಂದು ಲೆಕ್ಕ ಕೇಳ್ತೀನಿ. ಇವರಿಗೆಲ್ಲ ಸಮಯ ಎಲ್ಲಿತ್ತು? ಸೈಪ್ರಸ್‌ಗೆ ಕ್ಯಾಸಿಯೊ ಒಂದು ಹಡಗು, ಡೆಸ್ಡಿಮೋನ ಇಯಾಗೊ ಜೊತೆ ಇನ್ನೊಂದು ಹಡಗು, ಒಥೆಲೋ ಮತ್ತೊಂದು ಹಡಗು. ಬಿರುಗಾಳಿಗೆ ತುರ್ಕರ ನೌಕಾಪಡೆ ಚೆಲ್ಲಾಪಿಲ್ಲಿ, ಇವರು ಇಳಿದ ರಾತ್ರಿಯೇ ಹಬ್ಬ. ಆ ರಾತ್ರಿ ಕ್ಯಾಸಿಯೊ ಕಾವಲು, ಕುಡಿದು ಗಲಾಟೆ ಮಾಡಿ ಕೆಲಸ ಕಳಕೊಳ್ತಾನೆ, ಡೆಸ್ಡಿಮೋನ ಗಂಡನ ಜೊತೆ ಇದ್ದಳು. ಬೆಳಗಾದ ಮೇಲೆ ಮೂರನೇ ಅಂಕ. ಹಾಗಾದರೆ ಆ ‘ಸಂಬಂಧ’ ಯಾವಾಗ ನಡೀತು? ಒಥೆಲೋ ಬೆರಳು ಮಡಚಿ ಎಣಿಸಿದ್ದರೂ ಸಾಕಿತ್ತು.

ನಿವೃತ್ತ_ಮೇಷ್ಟ್ರು

ಈ ಲೆಕ್ಕವನ್ನ ವಿಮರ್ಶಕರು ಹತ್ತೊಂಬತ್ತನೇ ಶತಮಾನದಿಂದ ಹಾಕ್ತಾನೇ ಇದ್ದಾರೆ. ನಾಟಕದೊಳಗೆ ಎರಡು ಗಡಿಯಾರ ನಡೀತಿವೆ ಅಂತ ಅವರ ವಾದ. ಒಂದರ ಪ್ರಕಾರ ಎಲ್ಲ ಒಂದೆರಡು ದಿನದಲ್ಲಿ ಮುಗಿಯುತ್ತೆ, ಯೋಚನೆ ಮಾಡೋಕೆ ಬಿಡುವಿಲ್ಲ. ಇನ್ನೊಂದರ ಪ್ರಕಾರ ವಾರಗಳೇ ಕಳೆದ ಹಾಗೆ. ಬಿಯಾಂಕಾ ಅನ್ನೋ ಹೆಣ್ಣು ಕ್ಯಾಸಿಯೊನ ಕೇಳ್ತಾಳೆ, ಏಳು ಹಗಲು ಏಳು ರಾತ್ರಿ ನನ್ನ ಕಡೆ ತಲೆ ಹಾಕಲಿಲ್ಲವಲ್ಲ ಅಂತ. ಓದುವಾಗ ಸಿಕ್ಕಿಬೀಳುತ್ತೆ, ರಂಗದ ಮೇಲೆ ಯಾರಿಗೂ ಗೊತ್ತಾಗಲ್ಲ. ನಿಮ್ಮ ಹುಡುಗ ಮೊದಲನೇ ಗಡಿಯಾರ ಹಿಡಿಯಲಿ, ನಿಧಾನ ಮಾಡಿದರೆ ಪ್ರೇಕ್ಷಕರು ಗಣಿತ ಪ್ರೇಮಿಗಳ ಹಾಗೆ ಎಣಿಸೋಕೆ ಶುರು ಮಾಡ್ತಾರೆ.

ಗಣಿತ_ಪ್ರೇಮಿ

ಅಂದರೆ ಕಥೆಯಲ್ಲಿ ತೂತಿದೆ ಅಂತಾಯ್ತು. ಮುಚ್ಚಿಕೊಂಡು ಆಡಿ ಅಂತೀರಾ.

ನಿವೃತ್ತ_ಮೇಷ್ಟ್ರು

ತೂತಿದೆ. ಮುಚ್ಚಿಕೊಂಡು ಆಡಿ.

ಹಳೇ_ಮೈಸೂರು

ವಿಷಯಾಂತರಕ್ಕೆ ಕ್ಷಮೆ ಇರಲಿ. ಕನ್ನಡ ರಂಗಭೂಮಿಗೆ ಈ ಕಥೆ ಹೊಸದಲ್ಲ. ಬಸವಪ್ಪ ಶಾಸ್ತ್ರಿಗಳು ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನ ‘ಶೂರಸೇನ ಚರಿತೆ’ ಅಂತ ಕನ್ನಡಕ್ಕೆ ಒಗ್ಗಿಸಿದ್ದಾರೆ. ‘ಕಾಯೌ ಶ್ರೀ ಗೌರಿ’ ಬರೆದ ಅದೇ ಶಾಸ್ತ್ರಿಗಳು. ನಿಮ್ಮ ತಂಡದವರು ಒಂದು ಸಲ ಅದನ್ನೂ ಓದಿ.

ಸೌಮ್ಯ_ಪುತ್ತೂರು

ಎಲ್ಲರೂ ಇಯಾಗೊ, ಒಥೆಲೋ ಅಂತ ಇದ್ದೀರಿ ಮಾರಾಯ್ರೆ. ನನ್ನ ಸಿಟ್ಟು ಇರುವುದು ಎಮಿಲಿಯಾ ಮೇಲೆ. ನಾಲ್ಕನೇ ದೃಶ್ಯದಲ್ಲಿ ಡೆಸ್ಡಿಮೋನ ಅವಳನ್ನೇ ನೇರ ಕೇಳುತ್ತಾಳೆ, ನಾನು ಆ ಕರವಸ್ತ್ರ ಎಲ್ಲಿ ಬಿಟ್ಟಿರಬಹುದು ಅಂತ. ಇವಳು "ಗೊತ್ತಿಲ್ಲ ಅಮ್ಮ" ಅಂತಾಳೆ! ಗೊತ್ತಿದ್ದೂ! ಆಮೇಲೆ ಒಥೆಲೋ ಬಂದು ಕರವಸ್ತ್ರ ಕರವಸ್ತ್ರ ಅಂತ ಕಿರುಚುವಾಗಲೂ ಅಲ್ಲೇ ನಿಂತಿರುತ್ತಾಳೆ. "ನನ್ನ ಗಂಡ ತಗೊಂಡ್ರು" ಅಂತ ಒಂದು ವಾಕ್ಯ ಹೇಳಿದ್ದರೆ ನಾಟಕ ಅಲ್ಲಿಗೇ ಬರ್ಖಾಸ್ತು.

ಮಲ್ಲಿಕಾ_ಧಾರವಾಡ

ಸೌಮ್ಯಾ ಅವ್ರ, ಆ ಪಾತ್ರ ಮಾಡಿದಾಕಿ ಹೇಳ್ತೀನಿ. "ಗೊತ್ತಿಲ್ಲ" ಅನ್ನೂಮುಂದ ಆಕಿಗೆ ಅದರ ಬೆಲೆ ಗೊತ್ತಿಲ್ಲ. ಗಂಡ ಕೇಳಿದಾ, ಕೊಟ್ಟೆ, ಅವನ ಒಂದು ಒಳ್ಳೇ ಮಾತಿಗೆ ಹಸದಾಕಿ ಆಕಿ. ಯಾಕ ಬೇಕು ಅಂತ ಕೇಳಿದ್ರ ಅಂವಾ ಹೇಳಲಿಲ್ಲ. ಆದ್ರ ಒಥೆಲೋ ಚೀರ್ಯಾಡಿ ಹ್ವಾದ ಮ್ಯಾಲೂ ಬಾಯಿ ಬಿಡೂದಿಲ್ಲಲ್ಲ, ಅದಕ್ಕ ನನ್ನ ಹತ್ರನೂ ಉತ್ತರ ಇಲ್ರಿ. "ಇಂವಗ ಹೊಟ್ಟಿಕಿಚ್ಚಲ್ಲೇನು?" ಅಂತಾಳ, ಗಂಡಸರನ್ನ ಬೈತಾಳ, ಕರವಸ್ತ್ರದ ಮಾತು ಮಾತ್ರ ಬರೂದಿಲ್ಲ. ಗಂಡನ ಹೆದರಿಕಿ ಅಂತ ತಿಳಕೊಂಡು ಮಾಡಿದ್ದೆ ನಾನು. ನಮ್ಮ ನಿರ್ದೇಶಕರು ನಾಚಿಕಿ ಅಂತ ಮಾಡು ಅಂದಿದ್ರು, ಒಮ್ಮೆ ಎತ್ತಿಕೊಟ್ಟೆ ಅಂತ ಈಗ ಒಪ್ಪಕೊಂಡ್ರ ಕಳ್ಳಿ ಅಂತಾರ ಅಂತ.

ಸೌಮ್ಯ_ಪುತ್ತೂರು

ಹೆದರಿಕೆ ಆದರೆ ಕೊನೆಗೆ ಅದೇ ಗಂಡನ ಎದುರಲ್ಲಿ ಹೇಗೆ ಹೇಳಿದಳು? ಬಾಯಿ ಮುಚ್ಚು, ಮನೆಗೆ ಹೋಗು ಅಂತ ಅವನು ಕತ್ತಿ ಹಿರಿದರೂ ಹೇಳಿಯೇ ಹೇಳುತ್ತಾಳೆ, ಕರವಸ್ತ್ರ ನನಗೆ ಸಿಕ್ಕಿತು, ಗಂಡನಿಗೆ ಕೊಟ್ಟೆ ಅಂತ. ಆ ಮಾತಿಗೇ ಜೀವ ಕೊಟ್ಟಳು ಪಾಪ. ಅಷ್ಟು ಧೈರ್ಯ ಇದ್ದವಳು ಮೊದಲೇ ಯಾಕೆ ಹೇಳಲಿಲ್ಲ? ನನಗೆ ನಾಚಿಕೆಯ ವಾದವೂ ಒಗ್ಗುವುದಿಲ್ಲ.

ನಿವೃತ್ತ_ಮೇಷ್ಟ್ರು

ಚಿಂತಿಯೊನ ಕಥೆಯಲ್ಲಿ ಆ ಹೆಂಡತಿಗೆ ಸಂಚು ಪೂರಾ ಗೊತ್ತಿರುತ್ತೆ, ಗಂಡನ ಭಯಕ್ಕೆ ಸುಮ್ಮನಿರ್ತಾಳೆ. ಶೇಕ್ಸ್‌ಪಿಯರ್ ಅವಳಿಗೆ ಸಂಚು ಗೊತ್ತಿಲ್ಲದ ಹಾಗೆ ಮಾಡಿ, ಕರವಸ್ತ್ರ ಮಾತ್ರ ಗೊತ್ತಿರೋ ಹಾಗೆ ಬಿಟ್ಟ. ನಾಲ್ಕನೇ ಅಂಕದಲ್ಲಿ ಇನ್ನೊಂದು ಜಾಗ ಇದೆ. ಯಾರೋ ಒಬ್ಬ ಪರಮನೀಚ ಯಾವುದೋ ಪದವಿಯ ಆಸೆಗೆ ಈ ಅಪವಾದ ಹುಟ್ಟಿಸಿದ್ದಾನೆ ಅಂತ ಎಮಿಲಿಯಾ ಶಾಪ ಹಾಕ್ತಾಳೆ. ಪಕ್ಕದಲ್ಲೇ ನಿಂತ ಇಯಾಗೊ "ಅಂಥವನು ಯಾರೂ ಇಲ್ಲ, ಸಾಧ್ಯವೇ ಇಲ್ಲ" ಅಂತಾನೆ. ಅಷ್ಟು ಹತ್ತಿರ ಬಂದೂ ಅವಳಿಗೆ ಹೊಳೆಯಲ್ಲ. ಹೊಳೆದೂ ಬೇಡ ಅಂತ ತಳ್ಳಿದಳೋ, ಅದನ್ನ ನಟಿಯೇ ಆರಿಸಿಕೊಳ್ಳಬೇಕು.

ಗಿರಿ_ಶಿವಮೊಗ್ಗ

ಸರಿ, ಮೂಲ ಪ್ರಶ್ನೆಗೆ ಬರೋಣ. "ಒಂದು ಮಾತು ಕೇಳಿದ್ದರೆ" ಅಂತ ಎಲ್ಲರೂ ಹೇಳ್ತಿದ್ದೀರಿ. ಕೇಳಿದ್ನೋ ಇಲ್ವೋ?

ಪಾಟೀಸವಾಲು

ಕೇಳಿದ. ಕೇಳಿದ್ದೇ ಅನಾಹುತ ಆಯ್ತು.

ಹಿಂದಿನ ರಾತ್ರಿ ಕೆಲಸ ಕಳಕೊಂಡ ಕ್ಯಾಸಿಯೊಗೆ ಇಯಾಗೊ ಕೊಟ್ಟ ಸಲಹೆ ಏನು? ಡೆಸ್ಡಿಮೋನ ಮೂಲಕ ಶಿಫಾರಸು ಮಾಡಿಸು ಅಂತ. ಆ ಕಡೆ ಒಥೆಲೋಗೆ ಕೊಟ್ಟ ಸಲಹೆ? ಕ್ಯಾಸಿಯೊನ ಸ್ವಲ್ಪ ದಿನ ದೂರ ಇಡಿ, ನಿಮ್ಮ ಹೆಂಡತಿ ಅವನಿಗಾಗಿ ಎಷ್ಟು ಹಟ ಮಾಡ್ತಾಳೆ ಗಮನಿಸಿ, ಅದರಲ್ಲೇ ಎಲ್ಲ ಕಾಣುತ್ತೆ ಅಂತ. ಎರಡು ಸಲಹೆಯೂ ಮೇಲ್ನೋಟಕ್ಕೆ ಒಳ್ಳೆಯವೇ. ಸೇರಿಸಿದರೆ ಅವಳ ಒಳ್ಳೆಯತನವೇ ಅವಳ ಮೇಲಿನ ಪುರಾವೆ. ಅವಳು ಎಷ್ಟು ಪ್ರಾಮಾಣಿಕವಾಗಿ ಬೇಡಿಕೊಂಡರೆ ಅಷ್ಟು ಅಪರಾಧಿ.

ಈಗ ನಾಲ್ಕನೇ ದೃಶ್ಯಕ್ಕೆ ಬನ್ನಿ. ಒಥೆಲೋ ಕರವಸ್ತ್ರ ಕೇಳ್ತಾನೆ. ಜೊತೆಗೆ ಒಂದು ಕಥೆ ಹೇಳಿ ಹೆದರಿಸ್ತಾನೆ, ಅದನ್ನ ಈಜಿಪ್ಟಿನ ಮಾಯಗಾತಿ ನನ್ನ ತಾಯಿಗೆ ಕೊಟ್ಟದ್ದು, ಕಳಕೊಂಡರೆ ಗಂಡನ ಪ್ರೀತಿಯೇ ಹೋಗುತ್ತೆ ಅಂತ. ಹೆದರಿದ ಹುಡುಗಿ "ಕಳೆದಿಲ್ಲ" ಅಂದುಬಿಡ್ತಾಳೆ. ಅವಳ ಬಾಯಿಂದ ಬರೋ ಒಂದು ಸಣ್ಣ ಸುಳ್ಳು, ತಪ್ಪು ಜಾಗದಲ್ಲಿ. ಮಾತು ಬದಲಿಸೋಕೆ ಮತ್ತೆ ಕ್ಯಾಸಿಯೊ ಶಿಫಾರಸು ಎತ್ತುತ್ತಾಳೆ. ಅವನು "ಕರವಸ್ತ್ರ!" ಅಂತಾನೆ, ಅವಳು "ಕ್ಯಾಸಿಯೊ ವಿಷಯ ಮಾತಾಡಿ" ಅಂತಾಳೆ, ಅವನು ಮತ್ತೆ "ಕರವಸ್ತ್ರ!" ಇಯಾಗೊ ಆ ಮಾತುಕತೆ ನಡೆಯುವಾಗ ಅಲ್ಲಿಲ್ಲ, ಇರಬೇಕಾಗಿಯೂ ಇಲ್ಲ.

ಆಮೇಲೆ ಎಮಿಲಿಯಾಳನ್ನೂ ವಿಚಾರಿಸ್ತಾನೆ, ಅವಳು ತನ್ನ ಆತ್ಮದ ಮೇಲೆ ಆಣೆ ಇಟ್ಟು ಡೆಸ್ಡಿಮೋನ ನಿರಪರಾಧಿ ಅಂತಾಳೆ. ಇವಳು ಅವಳ ಕಡೆಯವಳು ಅಂತ ತಳ್ಳಿಹಾಕ್ತಾನೆ. ಕ್ಯಾಸಿಯೊನ ಮಾತ್ರ ಕೇಳಲ್ಲ. ಬಚ್ಚಿಟ್ಟುಕೊಂಡು ದೂರದಿಂದ ನೋಡ್ತಾನೆ. ಕ್ಯಾಸಿಯೊ ನಗ್ತಾ ಮಾತಾಡ್ತಿರೋದು ಬಿಯಾಂಕಾ ಬಗ್ಗೆ, ಇವನು ತನ್ನ ಹೆಂಡತಿ ಬಗ್ಗೆ ಅಂದುಕೊಳ್ತಾನೆ. ಅಷ್ಟರಲ್ಲಿ ಬಿಯಾಂಕಾ ಬಂದು ಕರವಸ್ತ್ರವನ್ನ ಕ್ಯಾಸಿಯೊ ಮುಖಕ್ಕೆ ಎಸೀತಾಳೆ, "ಇದು ಯಾವಳದ್ದೋ, ಇದರ ನಕಲು ನಾನು ತೆಗೀಬೇಕಾ?" ಅಂತ. ಇದು ಇಯಾಗೊ ಯೋಜನೆಯಲ್ಲಿ ಇರಲಿಲ್ಲ, ಅದೃಷ್ಟ. ಅಲ್ಲಿ ಒಥೆಲೋ ಹೊರಗೆ ಬಂದು "ಇದು ಎಲ್ಲಿ ಸಿಕ್ಕಿತು?" ಅಂತ ಕ್ಯಾಸಿಯೊನ ಕೇಳಿದ್ದರೆ "ನನ್ನ ಕೋಣೆಯಲ್ಲಿ ಬಿದ್ದಿತ್ತು, ಯಾರದೋ ಗೊತ್ತಿಲ್ಲ" ಅಂತಿದ್ದ. ಕೊನೇ ಅಂಕದಲ್ಲಿ ಆ ಪ್ರಶ್ನೆ ಕೇಳ್ತಾನೆ, ಹೆಣದ ಪಕ್ಕ ನಿಂತು.

ಗಿರಿ_ಶಿವಮೊಗ್ಗ

ಕೋಣೆಯಲ್ಲಿ ಸಿಕ್ಕಿದ್ದು ಅಂದರೆ ಒಥೆಲೋ ನಂಬ್ತಿದ್ದ ಅಂತೀರಾ? ನಾನಾಗಿದ್ದರೆ ನಂಬ್ತಿರಲಿಲ್ಲ. ಸಿಕ್ಕಿಬಿದ್ದ ಕಳ್ಳರೆಲ್ಲ ಹೇಳೋದು ಅದನ್ನೇ ಅಲ್ವಾ.

ಪಾಟೀಸವಾಲು

ಇದು ನ್ಯಾಯವಾದ ಆಕ್ಷೇಪ. ಆ ಹೊತ್ತಿಗೆ ನಂಬ್ತಿರಲಿಲ್ಲ ಅಂತಲೇ ನನಗೂ ಅನ್ನಿಸುತ್ತೆ.

ಪರದೆ_ಹಿಂದಿನವ

ಎಲ್ಲರಿಗೂ ಧನ್ಯವಾದ. ನಮ್ಮ ನಿರ್ದೇಶಕರಿಗೆ ಪೂರ್ತಿ ಓದಿಸಿದೆ. ಒಥೆಲೋ ಪಾತ್ರದವನಿಗೆ ಮೇಷ್ಟ್ರು ಹೇಳಿದ ಆ ಒಂಟಿ ಮಾತಿನ ಹತ್ತಿರವೇ ಮುರಿಯೋಕೆ ಹೇಳಿದ್ದಾರೆ. ಎಮಿಲಿಯಾ ವಿಷಯಕ್ಕೆ ಇಲ್ಲಿ ನಡೆದ ಹಾಗೇ ನಮ್ಮಲ್ಲೂ ಜಗಳ, ಹೆದರಿಕೆ ಒಂದು ದಿನ, ನಾಚಿಕೆ ಒಂದು ದಿನ ಮಾಡಿ ನೋಡ್ತೀವಿ. ಕರವಸ್ತ್ರದ ಅಳತೆಗೆ ಮಾತ್ರ ಯಾರೂ ಉತ್ತರ ಕೊಡಲಿಲ್ಲ.

ಮಲ್ಲಿಕಾ_ಧಾರವಾಡ

ನಮ್ಮದು ಮೊಳದಗಲ ಇತ್ರಿ, ಬಿಳೇ ಬಟ್ಟಿ, ಕೆಂಪ ದಾರದ ಕಸೂತಿ. ಹಣಿಗೆ ಕಟ್ಟಾಕ ಸಾಲಬಾರದು, ಎಸದ್ರ ಹಾರಬೇಕು. ತೆಳು ಬಟ್ಟಿ ತಗೋಬ್ಯಾಡ್ರಿ, ಬಿಯಾಂಕಾ ಎಸದ್ರ ಆಕಿ ಕಾಲ ಹತ್ರನ ಬೀಳ್ತದ. ಮೂಲಿಗೆ ಒಂದೊಂದು ಸಣ್ಣ ಮಣಿ ಒಳಗ ಹೊಲಸ್ರಿ, ಭಾರಕ್ಕ.

ನಿವೃತ್ತ_ಮೇಷ್ಟ್ರು

ಬಿಳಿಯೇ ಆಗಬೇಕು ಅಂತೇನಿಲ್ಲ. ಅದಕ್ಕೆ ಬಳಿದ ಬಣ್ಣ ಮಮ್ಮಿ, ಅಂದರೆ ಕೆಡದ ಹಾಗೆ ಕಾದಿಟ್ಟ ಹೆಣದಿಂದ ತೆಗೆದದ್ದು ಅಂತ ಒಥೆಲೋ ಹೇಳ್ತಾನೆ, ಹಾಗಾದರೆ ಬಟ್ಟೆ ಕಪ್ಪಗಿತ್ತು ಅಂತ ವಾದಿಸಿದ ವಿದ್ವಾಂಸರೂ ಇದ್ದಾರೆ.

ಪರದೆ_ಹಿಂದಿನವ

ಸಾರ್, ನಮ್ಮ ಹಿಂಪರದೆ ಕಪ್ಪು. ಅದರ ಮುಂದೆ ಕಪ್ಪು ಕರ್ಚೀಫು ಬಿದ್ದರೆ ಎಮಿಲಿಯಾಗೇ ಸಿಗಲ್ಲ.

ಶಾಂತಕ್ಕ

ನಾಟಕ ಯಾವತ್ತು, ಎಲ್ಲಿ ಅಂತ ಹಾಕಪ್ಪ. ಆ ಹುಡುಗಿಯನ್ನೂ ಗಂಡನನ್ನೂ ಒಟ್ಟಿಗೆ ಕರಕೊಂಡು ಬರ್ತೀನಿ.

ಸೌಮ್ಯ_ಪುತ್ತೂರು

ಎದುರುಮನೆಯವರನ್ನೂ ಕರೆದುಕೊಂಡು ಬನ್ನಿ ಅಕ್ಕ. ಮಲ್ಲಿಕಾ ಅವರೇ, ನನಗಿನ್ನೂ ನಿಮ್ಮ ಉತ್ತರ ಒಪ್ಪಿಗೆ ಆಗಿಲ್ಲ, ಬೆಲೆ ಗೊತ್ತಿಲ್ಲ ಅಂತೀರಿ, ಆದರೆ ಅವಳು ಎತ್ತಿಕೊಂಡ ಕೂಡಲೇ ಹೇಳುತ್ತಾಳೆ ಇದು ಒಥೆಲೋ ಕೊಟ್ಟ ಮೊದಲ ಕಾಣಿಕೆ, ಡೆಸ್ಡಿಮೋನ ಇದಕ್ಕೆ ಮುತ್ತು ಕೊಟ್ಟು ಮಾತಾಡಿಸುತ್ತಾ ಇರುತ್ತಾಳೆ ಅಂತ. ಗೊತ್ತಿಲ್ಲದವಳ ಮಾತಾ ಅದು?